ಹಸಿರು ಪಟ್ಟಿ ಎರಡು ಸಲ ಕಾಣುವ ತನಕ

ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಬೆಳಗಿನ ಮೊದಲ ಕೆಲಸ ತೂಕ ನೋಡುವುದು. ಮಗುವಿನ ಬಟ್ಟೆ ಬಿಚ್ಚಿ, ಹಾಲು ಕುಡಿಸುವ ಮೊದಲು, ನಿನ್ನೆಯ ಹೊತ್ತಿಗೇ, ನಿನ್ನೆಯ ತಕ್ಕಡಿಯಲ್ಲೇ ತೂಗಬೇಕು. ಇಷ್ಟೊಂದು ಕಟ್ಟುನಿಟ್ಟು ಏಕೆಂದರೆ, ಅಲ್ಲಿ ಹುಡುಕುವುದು ಐವತ್ತು ಅರವತ್ತು ಗ್ರಾಂಗಳ ವ್ಯತ್ಯಾಸವನ್ನು. ಒಂದು ಒದ್ದೆ ಚಡ್ಡಿ ಅದಕ್ಕಿಂತ ಹೆಚ್ಚು ತೂಗಬಹುದು.

ತೀವ್ರ ಅಪೌಷ್ಟಿಕತೆಯ ಮಗುವಿನ ಕೇಸ್ ಶೀಟಿನಲ್ಲಿ ಸಾಮಾನ್ಯವಾಗಿ ಕಾಣುವ ಗುರಿ ಎಂದರೆ 'ತೂಕ ಹೆಚ್ಚಿಸುವುದು, ಪೌಷ್ಟಿಕ ಆಹಾರ ಕೊಡುವುದು'. ಓದಲು ಸರಿಯಾಗಿಯೇ ಇದೆ. ಆದರೆ ಎಷ್ಟು ತೂಕ, ಎಷ್ಟು ದಿನದಲ್ಲಿ, ಆಗದಿದ್ದರೆ ಮುಂದೇನು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಅಂಥ ಗುರಿ ಈಡೇರಿತೋ ಇಲ್ಲವೋ ಎಂದು ಯಾರೂ ಹೇಳಲಾರರು. ಹಾಗಾಗಿ ಆರೈಕೆಯನ್ನು ಯಾವಾಗ ಮುಗಿಸಬೇಕೆಂದೂ ಹೇಳಲಾರರು.

ಲೆಕ್ಕ ಅರ್ಥವಾಗಲು ಒಂದು ಉದಾಹರಣೆ ತೆಗೆದುಕೊಳ್ಳೋಣ. ಹದಿನೆಂಟು ತಿಂಗಳ ಹೆಣ್ಣುಮಗು. ತೂಕ 6 ಕೆ.ಜಿ. ಎಡತೋಳಿನ ನಡುಭಾಗದ ಸುತ್ತಳತೆ 10.8 ಸೆಂ.ಮೀ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಅಳತೆ 11.5ಕ್ಕಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ. ಅಳತೆ ಪಟ್ಟಿಯಲ್ಲಿ ಅದು ಕೆಂಪು. 11.5ರಿಂದ 12.5ರವರೆಗೆ ಹಳದಿ, ಅಲ್ಲಿಂದಾಚೆ ಹಸಿರು. ಈ ಮಗುವಿಗೆ ಕಾಲಿನ ಬಾವು ಇಲ್ಲ. ಬಾವು ಇದ್ದಿದ್ದರೆ ಮೊದಮೊದಲು ನೀರು ಇಳಿದು ತೂಕ ಕಡಿಮೆಯಾಗುತ್ತದೆ. ಆಗ ಬಾವು ಪೂರ್ತಿ ಇಳಿದ ಮೇಲಿನ ತೂಕದಿಂದಲೇ ಲೆಕ್ಕ ಶುರುಮಾಡಬೇಕು.

ಮೊದಲ ಮೂರು ದಿನ ಮಗುವಿಗೆ ಎಫ್-75 ಎಂಬ ತೆಳು ಹಾಲು. ಸೋತ ದೇಹವನ್ನು ಸ್ಥಿರಗೊಳಿಸಲು ಅದನ್ನು ಕೊಡುತ್ತಾರೆ, ಆ ದಿನಗಳಲ್ಲಿ ತೂಕ ಏರಬೇಕೆಂಬ ಗುರಿ ಇಡುವುದೇ ತಪ್ಪು. ಹಸಿವು ಮರಳಿದ ಮೇಲೆ ನಿಧಾನವಾಗಿ ಎಫ್-100ಕ್ಕೆ ದಾಟಿಸುತ್ತಾರೆ. ಅದರ 100 ಮಿಲಿ ಲೀಟರಿನಲ್ಲಿ 100 ಕಿಲೊ ಕ್ಯಾಲೊರಿ ಇರುತ್ತದೆ. ತೂಕದ ಗುರಿ ಬರೆಯುವುದು ಇಲ್ಲಿಂದ.

ಬರೆಯಬೇಕಾದುದು ಹೀಗೆ: 'ಎಫ್-100ಕ್ಕೆ ದಾಟಿದ ಮೇಲೆ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 10 ಗ್ರಾಂ ಏರಿಕೆ. ಮೂರು ದಿನಕ್ಕೊಮ್ಮೆ ಲೆಕ್ಕ.' ಇದರ ಜೊತೆಗೇ ಎರಡನೆಯ ಗುರಿ: 'ಪ್ರತಿ ಕೆ.ಜಿ.ಗೆ ದಿನಕ್ಕೆ ಕನಿಷ್ಠ 150 ಮಿಲಿ ಲೀಟರ್ ಹಾಲು ಹೊಟ್ಟೆಗೆ ಹೋಗಬೇಕು.' ನಮ್ಮ ಮಗುವಿಗೆ ಇದು ದಿನಕ್ಕೆ 900 ಮಿಲಿ ಲೀಟರ್. ಮೊದಲನೆಯದು ಫಲದ ಅಳತೆ, ಎರಡನೆಯದು ಆ ಫಲಕ್ಕೆ ಕಾರಣವಾಗುವುದರ ಅಳತೆ. ಎರಡೂ ಇದ್ದರೆ ಮಾತ್ರ ಎಲ್ಲಿ ಎಡವಿದ್ದೇವೆಂದು ತಿಳಿಯುತ್ತದೆ.

ನಾಲ್ಕನೆಯ ದಿನ ಮಗುವಿನ ತೂಕ 6 ಕೆ.ಜಿ., ಏಳನೆಯ ದಿನ 6.06. 'ಏರಿದೆಯಲ್ಲ' ಎಂದು ಸಮಾಧಾನಪಡಬಹುದು. ಲೆಕ್ಕ ಹಾಕಿ ನೋಡಿ: ಮೂರು ದಿನಕ್ಕೆ 60 ಗ್ರಾಂ, ದಿನಕ್ಕೆ 20. ಆರು ಕೆ.ಜಿ.ಯಿಂದ ಭಾಗಿಸಿದರೆ ಕೆ.ಜಿ.ಗೆ ಮೂರು ಗ್ರಾಂ ಚಿಲ್ಲರೆ. 10ಕ್ಕಿಂತ ಹೆಚ್ಚಾದರೆ ಉತ್ತಮ, 5ರಿಂದ 10 ಸಾಧಾರಣ, 5ಕ್ಕಿಂತ ಕೆಳಗೆ ಕಳಪೆ. ಅಂದರೆ ಏರಿದ್ದರೂ ಇದು ಸೋಲು. ಆಗ ಹಾಲಿನ ಚಾರ್ಟ್ ತೆಗೆಯಬೇಕು. ದಿನಕ್ಕೆ 900ರ ಬದಲು 560 ಮಿಲಿ ಲೀಟರ್ ಮಾತ್ರ ಒಳಗೆ ಹೋಗಿದೆ. ರಾತ್ರಿಯ ಎರಡು ಸರದಿ ಖಾಲಿ. ಹಗಲೆಲ್ಲ ಮಗುವನ್ನು ಎತ್ತಿಕೊಂಡು ಬಸವಳಿದ ತಾಯಿಯನ್ನು ಯಾರೂ ಎಬ್ಬಿಸಿಲ್ಲ. ಬಾಯಿ ತೆರೆಸಿ ನೋಡಿದರೆ ನಾಲಗೆಯ ಮೇಲೆ ಬಿಳಿ ಪೊರೆ, ಶಿಲೀಂಧ್ರದ ಸೋಂಕು, ನುಂಗಲು ನೋವು. ಸೋಂಕಿಗೆ ಔಷಧಿ, ರಾತ್ರಿ ಸರದಿಗೆ ದಾದಿಯ ಜವಾಬ್ದಾರಿ. ಮುಂದಿನ ಏಳು ದಿನದಲ್ಲಿ ತೂಕ 6.55ಕ್ಕೆ ಬಂತು. ಕೆ.ಜಿ.ಗೆ ದಿನಕ್ಕೆ ಹನ್ನೊಂದೂವರೆ ಗ್ರಾಂ. ಮೂರನೆಯ ದಿನವೇ ಲೆಕ್ಕ ಹಾಕುವ ಗುರಿ ಇರದಿದ್ದರೆ ಆ ಬಿಳಿ ಪೊರೆ ಇನ್ನೊಂದು ವಾರ ಕಣ್ಣಿಗೆ ಬೀಳುತ್ತಿರಲಿಲ್ಲ.

ಹದಿನಾಲ್ಕನೆಯ ದಿನ ಮಗು ನಗುತ್ತಿದೆ, ಸೋಂಕು ವಾಸಿಯಾಗಿದೆ, ತಾಯಿ ಉಣಿಸುವುದನ್ನು ಕಲಿತಿದ್ದಾಳೆ. ಊರಿಗೆ ಕಳಿಸಬಹುದು. ಆದರೆ ಕೇಂದ್ರದಿಂದ ಬಿಡುಗಡೆ ಬೇರೆ, ಆರೈಕೆ ಮುಗಿಸುವುದು ಬೇರೆ. ಇಲ್ಲಿ ಬದಲಾದದ್ದು ಜಾಗ ಮಾತ್ರ. ಕಡತ ತೆರೆದೇ ಇರುತ್ತದೆ, ಅಂಗನವಾಡಿಯಲ್ಲಿ ಹದಿನೈದು ದಿನಕ್ಕೊಮ್ಮೆ ಅಳತೆ ಮುಂದುವರಿಯಬೇಕು.

ಹಾಗಾದರೆ ಕಡತ ಮುಚ್ಚುವುದು ಯಾವಾಗ? ನಮ್ಮಲ್ಲಿ ಬಹುಕಾಲ ನಡೆದುಬಂದ ಲೆಕ್ಕ ಶೇಕಡ 15. ಕೇಂದ್ರ ಆರೋಗ್ಯ ಸಚಿವಾಲಯದ 2011ರ ಮಾರ್ಗಸೂಚಿಯಲ್ಲೂ ಬಿಡುಗಡೆಗೆ ಇದು ಒಂದು ಮಾನದಂಡ. ಇದರ ತೊಡಕು ತಿಳಿಯಲು ಒಂದೇ ಎತ್ತರದ ಇಬ್ಬರು ಮಕ್ಕಳನ್ನು ಅಕ್ಕಪಕ್ಕ ನಿಲ್ಲಿಸಿ. ಒಂದು 5.5 ಕೆ.ಜಿ., ಇನ್ನೊಂದು 6.2. ಮೊದಲನೆಯದು 6.3 ಮುಟ್ಟಿದರೆ ಶೇಕಡ 15 ಆಯಿತು, ಮನೆಗೆ ಹೋಗಬಹುದು. ಎರಡನೆಯದು ಹೆಚ್ಚುಕಡಿಮೆ ಅದೇ ತೂಕದಲ್ಲಿ ಒಳಗೆ ಬಂದಿದೆ! ಒಬ್ಬರಿಗೆ 'ಗುಣವಾಗಿದೆ' ಎನ್ನುವ ಜಾಗ ಇನ್ನೊಬ್ಬರಿಗೆ 'ದಾಖಲಿಸಿ' ಎನ್ನುವ ಜಾಗ. ಹೆಚ್ಚು ಸೊರಗಿದ ಮಗುವೇ ಹೆಚ್ಚು ಬೇಗ ಹೊರಬೀಳುತ್ತದೆ. ಇಂಥ ಕಾರಣಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ, ಶೇಕಡಾವಾರು ಏರಿಕೆಯನ್ನು ಆರೈಕೆ ಮುಗಿಸುವ ಮಾನದಂಡವಾಗಿ ಬಳಸಬಾರದು ಎಂದಿತು. ಯಾವ ಅಳತೆಯಿಂದ ಮಗುವನ್ನು ಸೇರಿಸಿಕೊಂಡಿರೋ ಅದೇ ಅಳತೆಯಿಂದ ಹೊರಗೆ ಬಿಡಿ ಎಂಬುದು ಅದರ ಸಾರ.

ನಮ್ಮ ಮಗುವಿಗೆ ಇದನ್ನು ಅನ್ವಯಿಸೋಣ. ಐದನೆಯ ವಾರ 6.9 ಕೆ.ಜಿ.; ಶೇಕಡ 15 ಸರಿಯಾಗಿ ಆಯಿತು. ಮೈ ತುಂಬಿಕೊಂಡಿದೆ ಎಂದು ಮನೆಯವರೂ ಹೇಳುತ್ತಾರೆ. ಆದರೆ ತೋಳು 11.7; ಪಟ್ಟಿ ಇನ್ನೂ ಹಳದಿ. ಈಗ ಕಡತ ಮುಚ್ಚಿದರೆ ಒಂದು ಭೇದಿ, ಒಂದು ಜ್ವರ ಸಾಕು ಮತ್ತೆ ಕೆಂಪಿಗೆ ಜಾರಲು. ಹನ್ನೊಂದನೆಯ ವಾರ ತೋಳು 12.5 ಮುಟ್ಟಿತು. ಆಗಲೂ ಮುಚ್ಚಬಾರದು. ಪಟ್ಟಿಯನ್ನು ಸ್ವಲ್ಪ ಸಡಿಲ ಹಿಡಿದರೂ ಎರಡು ಮೂರು ಮಿಲಿ ಮೀಟರ್ ಹೆಚ್ಚು ಬರುತ್ತದೆ. ಹದಿಮೂರನೆಯ ವಾರವೂ ಹಸಿರು ಕಂಡು, ಕಾಲಿನ ಬಾವು ಇಲ್ಲವೆಂದು ಎರಡೂ ಸಲ ಖಚಿತವಾದರೆ ಆಗ ಬರೆಯಬಹುದು: ಗುಣವಾಗಿದೆ. ಎತ್ತರಕ್ಕೆ ತಕ್ಕ ತೂಕ ಕಡಿಮೆಯೆಂದು ಸೇರಿದ ಮಗುವಾದರೆ ಆ ಅಳತೆಯೂ ಅದೇ ರೀತಿ ಸರಿಹೋಗಿರಬೇಕು.

ಎಲ್ಲ ಕಡತಗಳೂ ಹೀಗೆ ಮುಗಿಯುವುದಿಲ್ಲ. ಕೂಲಿಗೆಂದು ಮನೆಮಂದಿಯೆಲ್ಲ ಗುಳೆ ಹೋಗಿ ಮಗು ಅಳತೆಗೆ ಬಾರದೆ ಹೋಗಬಹುದು. ತಿಂಗಳುಗಳ ಆರೈಕೆಯ ನಂತರವೂ ತೋಳು ಹಿಗ್ಗದಿದ್ದರೆ ಕ್ಷಯವೋ ಹೃದಯದ ತೊಂದರೆಯೋ ಎಂದು ಹುಡುಕಲು ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಗಬಹುದು. ಆಗಲೂ ಕಡತ ಮುಚ್ಚುತ್ತದೆ, ಆದರೆ 'ಬರಲಿಲ್ಲ', 'ಸ್ಪಂದಿಸಲಿಲ್ಲ', 'ಬೇರೆಡೆಗೆ ಕಳಿಸಲಾಗಿದೆ' ಎಂಬ ಅದರದೇ ಹೆಸರಿನಲ್ಲಿ. ಬಾರದ ಮಗುವನ್ನು ಗುಣವಾದ ಪಟ್ಟಿಗೆ ಸೇರಿಸಿದರೆ ಆ ಮಗುವನ್ನು ಹುಡುಕಿಕೊಂಡು ಹೋಗುವವರೇ ಇರುವುದಿಲ್ಲ.

ನಿಮ್ಮ ಮನೆಯ ಅಥವಾ ಕೇರಿಯ ಮಗು ಇಂಥ ಕೇಂದ್ರದಿಂದ ಮರಳಿದ್ದರೆ 'ಹುಷಾರಾಗಿದೆಯಾ' ಎಂದಷ್ಟೇ ಕೇಳಬೇಡಿ. ಸೇರುವಾಗ ತೋಳು ಎಷ್ಟಿತ್ತು, ಈಗ ಎಷ್ಟಿದೆ, ಮುಂದಿನ ಅಳತೆ ಯಾವತ್ತು ಎಂದು ಕೇಳಿ. ಹಸಿರು ಎರಡು ಸಲ ಕಾಣುವ ತನಕ ಮಗುವನ್ನು ಅಂಗನವಾಡಿಗೆ ಕರೆದೊಯ್ಯುವುದನ್ನು ನಿಲ್ಲಿಸಬೇಡಿ.