ಲಾಭ ಬಂತು, ಯಾಕೆ ಬಂತು?

ಷೇರು ಕೊಂಡು ಮಾರಿದ ದಿನ ಸಂಜೆ ಬ್ರೋಕರ್‌ನಿಂದ ಕಾಂಟ್ರ್ಯಾಕ್ಟ್ ನೋಟ್ ಬರುತ್ತದೆ. ಬೆಲೆ, ಸಮಯ, ಶುಲ್ಕ ಎಲ್ಲವೂ ಅದರಲ್ಲಿರುತ್ತವೆ. ಆದರೆ ಯಾಕೆ ಕೊಂಡರು, ಯಾಕೆ ಮಾರಿದರು, ಆಗ ಮನಸ್ಸು ಹೇಗಿತ್ತು ಎಂಬುದು ಇರುವುದಿಲ್ಲ. ಅದನ್ನು ಟ್ರೇಡರ್ ತಾನೇ ಬರೆದಿಡಬೇಕು. ಅದೇ ಟ್ರೇಡಿಂಗ್ ಡೈರಿ.

ಒಂದು ಉದಾಹರಣೆ ನೋಡಿ. ಒಬ್ಬ ಟ್ರೇಡರ್ ಬೆಳಿಗ್ಗೆ 500 ರೂಪಾಯಿಗೆ 100 ಷೇರು ಕೊಳ್ಳುವ ಮುನ್ನ ಹೀಗೆ ಬರೆಯುತ್ತಾನೆ: ‘ಮೂರು ದಿನದಿಂದ 498 ದಾಟದ ಬೆಲೆ ಇವತ್ತು ಹೆಚ್ಚಿನ ವಹಿವಾಟಿನೊಂದಿಗೆ ದಾಟಿದೆ. ಸ್ಟಾಪ್‌ಲಾಸ್ 490, ಗುರಿ 520. ಮನಸ್ಸು ಶಾಂತ.’ ಬೆಲೆ 507 ಮುಟ್ಟುತ್ತಲೇ ಮಾರಿಬಿಡುತ್ತಾನೆ. ಕಾರಣದ ಜಾಗದಲ್ಲಿ, ‘ಕೈಗೆ ಬಂದದ್ದು ಹೋಗಿಬಿಡುತ್ತದೇನೋ ಎಂಬ ಭಯ.’

ಕಾಂಟ್ರ್ಯಾಕ್ಟ್ ನೋಟ್ ಪ್ರಕಾರ ಶುಲ್ಕ ಬಿಟ್ಟು 700 ರೂಪಾಯಿ ಲಾಭ. ಡೈರಿಯ ಪ್ರಕಾರ, 2,000 ಗಳಿಸಲೆಂದು 1,000 ಪಣಕ್ಕಿಟ್ಟವನು ನಡುದಾರಿಯಲ್ಲೇ ಇಳಿದಿದ್ದಾನೆ. ನಷ್ಟವಾದಾಗ ಪೂರ್ತಿ ಸಾವಿರ ಕಳೆದುಕೊಂಡು, ಗೆದ್ದಾಗ 700ಕ್ಕೇ ತೃಪ್ತನಾಗುತ್ತಿದ್ದರೆ ಹತ್ತರಲ್ಲಿ ಐದು ಸಲ ಗೆದ್ದರೂ 1,500 ರೂಪಾಯಿ ನಷ್ಟ. ಇದು ಅವನೊಬ್ಬನ ಪಾಡಲ್ಲ. ಅಮೆರಿಕದ ಟೆರೆನ್ಸ್ ಓಡಿಯನ್ ಒಂದು ಬ್ರೋಕರ್ ಸಂಸ್ಥೆಯ 10,000 ಖಾತೆಗಳನ್ನು ಪರಿಶೀಲಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ಹೂಡಿಕೆದಾರರು ಲಾಭದ ಷೇರನ್ನು ಬೇಗ ಮಾರಿ ನಷ್ಟದ ಷೇರಿಗೆ ಅಂಟಿಕೊಳ್ಳುವುದು ಕಂಡುಬಂದಿತ್ತು.

ಕೊಳ್ಳುವ ಕಾರಣವನ್ನು ಆರ್ಡರ್ ಹಾಕುವ ಮೊದಲೇ ಬರೆಯಬೇಕು. ಫಲಿತಾಂಶ ಗೊತ್ತಾದ ಮೇಲೆ ಬರೆದರೆ, ಗೆದ್ದದ್ದಕ್ಕೆಲ್ಲ ಒಳ್ಳೆಯ ಕಾರಣ ತಾನಾಗಿ ಹುಟ್ಟಿಕೊಳ್ಳುತ್ತದೆ. ‘ಏರುತ್ತದೆ ಅನ್ನಿಸಿತು’ ಎಂಬ ಸಾಲು ಪುಟಪುಟದಲ್ಲೂ ಕಂಡರೆ ಡೈರಿ ಕೆಲಸಕ್ಕೆ ಬಂದಿಲ್ಲವೆಂದೇ ಅರ್ಥ.

ತಿಂಗಳ ಕೊನೆಯಲ್ಲಿ ವಹಿವಾಟುಗಳನ್ನು ಲಾಭ-ನಷ್ಟಕ್ಕಿಂತ ಮೊದಲು ಕಾರಣದ ಪ್ರಕಾರ ವಿಂಗಡಿಸಬೇಕು. ಅದೇ ಟ್ರೇಡರ್ ತಿಂಗಳಲ್ಲಿ 20 ವಹಿವಾಟು ನಡೆಸಿ 4,400 ರೂಪಾಯಿ ಕಳೆದುಕೊಂಡಿದ್ದಾನೆ ಎನ್ನೋಣ. ವಿಂಗಡಿಸಿದರೆ ಯೋಜನೆಯಂತೆ ನಡೆದ 12ರಿಂದ 3,000 ಲಾಭ, ಯೋಜನೆಯಿಲ್ಲದ 8ರಿಂದ 7,400 ನಷ್ಟ. ಆ ಎಂಟರಲ್ಲಿ ಆರರ ಮನಸ್ಥಿತಿಯ ಜಾಗದಲ್ಲಿ ‘ಸಿಟ್ಟು’ ಎಂದಿದೆ. ಆರೂ ಹಿಂದಿನ ನಷ್ಟವಾದ ಅರ್ಧ ಗಂಟೆಯೊಳಗೆ ಹಾಕಿದವು. ಕಳೆದದ್ದನ್ನು ಅಲ್ಲೇ ಹಿಂಪಡೆಯುವ ಹಟವೇ ಹೆಚ್ಚು ದುಡ್ಡು ತಿಂದಿದೆ.

ಹಾಗೆಂದು 12 ವಹಿವಾಟಿನ ಲಾಭ ಕಂಡು ವಿಧಾನ ಸರಿಯೆಂದು ಹೇಳಲಾಗದು. ಅದೃಷ್ಟಕ್ಕೂ ಅಷ್ಟು ಸಾಧ್ಯ. ಹಲವು ತಿಂಗಳ ಪುಟಗಳು ಸೇರಬೇಕು. ಆದ್ದರಿಂದ ಮುಂದಿನ ತಿಂಗಳಿಗೆ ಬದಲಾವಣೆ ಒಂದೇ ಇರಲಿ: ನಷ್ಟವಾದ ಮೇಲೆ ಅರ್ಧ ಗಂಟೆ ಹೊಸ ಆರ್ಡರ್ ಇಲ್ಲ. ಎರಡು ಮೂರು ನಿಯಮ ಒಟ್ಟಿಗೆ ಬದಲಾಯಿಸಿದರೆ, ಫಲ ಕೊಟ್ಟದ್ದು ಯಾವುದೆಂದು ಮುಂದಿನ ಪರಿಶೀಲನೆಯಲ್ಲಿ ತಿಳಿಯುವುದಿಲ್ಲ.