ಅತಿ ಹೆಚ್ಚು ಕಾದ ದಿನ

ಮಾಲೂರಿನಲ್ಲಿ ಮಾಸ್ತಿ ಕಡೆಯ ಬಸ್ಸಿಗೆ ನಿಂತಿದ್ದೀರಿ ಎಂದುಕೊಳ್ಳಿ. ಬಸ್ಸು ಸಮ ಅಂತರದಲ್ಲಿ ಬರುತ್ತದೆ, ಎಷ್ಟು ನಿಮಿಷಕ್ಕೊಂದು ಎಂಬುದು ಮಾತ್ರ ಗೊತ್ತಿಲ್ಲ. ಗಡಿಯಾರ ನೋಡದೆ ಬಂದು ನಿಂತ ನಾಲ್ಕು ದಿನ ನೀವು ಕಾದದ್ದು 1, 12, 20, 3 ನಿಮಿಷ.

ಥಟ್ಟನೆ ಹೊಳೆಯುವುದು ಸರಾಸರಿ. ಅದು 9. ಅಂತರದ ಅರ್ಧದಷ್ಟು ಹೊತ್ತು ಸರಾಸರಿ ಕಾಯುತ್ತೇವೆ, ಹಾಗಾಗಿ ಅಂತರ 18 ನಿಮಿಷ. ಆದರೆ ಒಂದು ದಿನ 20 ನಿಮಿಷ ಕಾದಿದ್ದೀರಲ್ಲ! 18 ನಿಮಿಷಕ್ಕೊಂದು ಬಸ್ಸಿದ್ದರೆ ಅದು ಆಗುವ ಮಾತೇ ಅಲ್ಲ.

ಅಳತೆಗಳನ್ನು ಏರಿಕೆಯ ಕ್ರಮದಲ್ಲಿಟ್ಟು ಕೊನೆಯದನ್ನು ಹಿಡಿಯುವ ದಾರಿ ಹಳೆಯದು. 1709ರಲ್ಲಿ ನಿಕೊಲಾಸ್ ಬರ್ನೂಲಿ ಕಾನೂನಿನ ಪ್ರಬಂಧವೊಂದರಲ್ಲಿ ಹೀಗೆ ಕೇಳಿದ್ದ: ಒಂದು ಅವಧಿಯೊಳಗೆ ಯಾವ ಗಳಿಗೆಯಲ್ಲಾದರೂ ಸಮಾನ ಸಂಭವದಿಂದ ಸಾಯಬಹುದಾದ n ಜನರಲ್ಲಿ ಕೊನೆಯವನು ಎಷ್ಟು ಕಾಲ ಬದುಕಿಯಾನು? ಉತ್ತರ, ಅವಧಿಯ n/(n+1) ಭಾಗ. ಎಲ್ಲರಿಗಿಂತ ದೊಡ್ಡದು x ಮೀರಬಾರದು ಎಂದರೆ ಯಾವುದೊಂದೂ x ಮೀರಬಾರದು. ಅವಧಿ θ ಆದರೆ ಅದರ ಸಂಭವನೀಯತೆ (x/θ)^n. ಉತ್ತರ ಹುಟ್ಟುವುದು ಇದರಿಂದಲೇ. ಇನ್ನೂ ಸುಲಭವಾಗಿ, ನಾಲ್ಕು ಚುಕ್ಕೆಗಳು ಒಂದು ಗೆರೆಯನ್ನು ಐದು ತುಂಡು ಮಾಡುತ್ತವೆ, ಸರಾಸರಿಯಲ್ಲಿ ಐದೂ ಸಮ. ಕೊನೆಯ ಚುಕ್ಕೆ ಐದರಲ್ಲಿ ನಾಲ್ಕು ಭಾಗದಲ್ಲಿರುತ್ತದೆ. ನಮ್ಮ 20ಕ್ಕೆ ಅದರ ಕಾಲು ಭಾಗ ಸೇರಿಸಿದರೆ 25 ನಿಮಿಷ.

ಇದು ಸರಾಸರಿಯ ದಾರಿಗಿಂತ ಏಕೆ ಮೇಲು ಎಂಬುದಕ್ಕೆ ಉತ್ತರ ಕೊಟ್ಟವರಲ್ಲಿ ಮೊದಲಿಗರು ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್. ಕಲ್ಕತ್ತೆಯಲ್ಲಿದ್ದಾಗ 1945ರಲ್ಲಿ ಅವರು ಪ್ರಕಟಿಸಿದ ಲೇಖನದ ತಿರುಳನ್ನು ನಮ್ಮ ಬಸ್ಸಿಗೇ ಹಚ್ಚಿ ನೋಡಬಹುದು. ದೊಡ್ಡದು 20 ಎಂದು ಗೊತ್ತಾದ ಮೇಲೆ ಉಳಿದ ಮೂರು 0ಯಿಂದ 20ರೊಳಗೆ ಎಲ್ಲಿ ಬಿದ್ದರೂ ಅಂತರದ ಬಗ್ಗೆ ಹೊಸದೇನೂ ಹೇಳುವುದಿಲ್ಲ. ಅವುಗಳ ಬದಲು ಅವುಗಳ ನಿರೀಕ್ಷಿತ ಬೆಲೆ 10ನ್ನೇ ಇಡಿ. ಮೊತ್ತ 50, ಸರಾಸರಿ 12.5, ಅದರ ಎರಡರಷ್ಟು 25. ಸರಾಸರಿಯ ದಾರಿ ಹಿಡಿದೇ ದೊಡ್ಡದರ ದಾರಿಗೆ ಬಂದು ಸೇರಿದೆವು! ನಾಲ್ಕು ಅಳತೆಗಳಿದ್ದಾಗ ತಪ್ಪಿನ ವರ್ಗದ ಸರಾಸರಿ ಇದರಿಂದ ಅರ್ಧಕ್ಕಿಳಿಯುತ್ತದೆ. ಹತ್ತಿದ್ದರೆ ಕಾಲು ಭಾಗಕ್ಕೆ. 1947ರಲ್ಲಿ ಡೇವಿಡ್ ಬ್ಲ್ಯಾಕ್‌ವೆಲ್ ಕೂಡ ಸ್ವತಂತ್ರವಾಗಿ ಇದನ್ನೇ ಕಂಡರು.

ನನ್ನನ್ನು ಬೆರಗುಗೊಳಿಸುವುದು ಮತ್ತೊಂದು. ಅಂದಾಜಿನ ತಪ್ಪು ಇದಕ್ಕಿಂತ ಕೆಳಗಿಳಿಯದು ಎಂದು ಹೇಳುವ ಕ್ರಾಮರ್-ರಾವ್ ಮಿತಿಯೂ ಅದೇ ಲೇಖನದ್ದು. ಬಸ್ಸಿನ ಲೆಕ್ಕಕ್ಕೆ ಆ ಮಿತಿ ಅನ್ವಯಿಸುವುದಿಲ್ಲ. ಅಳತೆಗಳು ಬೀಳುವ ವ್ಯಾಪ್ತಿಯೇ ನಾವು ಹುಡುಕುವ ಸಂಖ್ಯೆಯ ಮೇಲೆ ನಿಂತಿರಬಾರದು ಎಂಬುದು ಅದರ ಷರತ್ತು, ಇಲ್ಲಿ ನಿಂತಿದೆ.

ದೊಡ್ಡದನ್ನು ನಂಬುವುದರಲ್ಲಿ ಅಪಾಯವೂ ಉಂಟು. ಬಸ್ಸು ಕೆಟ್ಟು ನಿಂತ ದಿನ 20ರ ಬದಲು 40 ನಿಮಿಷ ಕಾದಿದ್ದರೆ ಉತ್ತರ 50ಕ್ಕೆ ಜಿಗಿಯುತ್ತಿತ್ತು. ಅನುಮಾನ ಬಂದರೆ ಉಳಿದವನ್ನು ನೋಡಿ. 40ರ ಕೆಳಗೆ ಹರಡಿರಬೇಕಾದ ಮೂರೂ 12ರೊಳಗೆ ಕುಗ್ಗಿ ಕೂರುವ ಸಂಭವ (12/40)^3, ಅಂದರೆ ಸಾವಿರಕ್ಕೆ 27. ಆ ದಿನ ಬಸ್ಸಿಗೆ ಏನಾಗಿತ್ತೆಂದು ಕಂಡಕ್ಟರನ್ನು ಕೇಳುವುದೇ ಸರಿ.