‘ವೈವಾಹಿಕ ಸ್ಥಿತಿ’ ಎಂಬ ಕಾಲಂ

ಟೊರೊಂಟೊದಲ್ಲಿ ಶನಿವಾರ ರಾತ್ರಿ ಒಂಬತ್ತೂವರೆ ಆದಾಗ, ಬೇಸಿಗೆಯಲ್ಲಾದರೆ, ಹಾಸನದಲ್ಲಿ ಭಾನುವಾರ ಬೆಳಿಗ್ಗೆ ಏಳು ಗಂಟೆ. ನನ್ನ ಎಂಜಿನಿಯರಿಂಗ್ ದಿನಗಳ ಗೆಳೆಯನೊಬ್ಬ ವರ್ಷಗಟ್ಟಲೆ ಅದೇ ಹೊತ್ತಿಗೆ ಮನೆಗೆ ವಿಡಿಯೊ ಕಾಲ್ ಮಾಡುತ್ತಿದ್ದ. ಅದಕ್ಕೆ ಮೊದಲು ಗೋಡೆಯ ಮೇಲಿನ ಒಂದು ಫೋಟೊ ಕೆಳಗಿಳಿಯುತ್ತಿತ್ತು. ಅವನ ಸಂಗಾತಿ, ಅಲ್ಲೇ ಹುಟ್ಟಿ ಬೆಳೆದು ಆಸ್ಪತ್ರೆಯಲ್ಲಿ ನರ್ಸ್ ಆಗಿರುವವನು, ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಅಮ್ಮ ಊಟ ಆಯ್ತಾ ಎಂದು ಕೇಳಿ, ಅರಸೀಕೆರೆ ಕಡೆಯ ಒಂದು ಸಂಬಂಧದ ವಿಷಯ ತೆಗೆಯುತ್ತಿದ್ದರು. ಹುಡುಗಿ ಎಂ.ಟೆಕ್., ಜಾತಕ ಕೂಡಿದೆ. ‘ಈ ವರ್ಷ ಬೇಡಮ್ಮ’ ಅನ್ನುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು.

ಆಫೀಸಿನಲ್ಲಿ ಅವನು ಗೇ ಎಂಬುದು ಎಲ್ಲರಿಗೂ ಗೊತ್ತು. ವರ್ಷಾಂತ್ಯದ ಔತಣಕ್ಕೆ ಇಬ್ಬರೂ ಹೋಗುತ್ತಾರೆ. ಆದರೆ ಅಲ್ಲಿನ ಕನ್ನಡಿಗರ ಯುಗಾದಿ ಊಟಕ್ಕೆ ಮಾತ್ರ ಒಬ್ಬನೇ ಹೋಗುತ್ತಿದ್ದ. ಒಬ್ಬಟ್ಟು ಬಡಿಸುವವರಲ್ಲಿ ಯಾರದೋ ಅತ್ತಿಗೆಯ ತವರು ಹೊಳೆನರಸೀಪುರ ಆಗಿದ್ದರೆ ಸುದ್ದಿ ಊರು ಮುಟ್ಟಲು ಒಂದು ದಿನವೂ ಬೇಡ. ಹೊರದೇಶದಲ್ಲಿರುವ ಸಲಿಂಗಿ ಕನ್ನಡಿಗರ ಬದುಕು ಎರಡು ಭಾಗವಾಗುವ ಗೆರೆ ಸಮುದ್ರದ ಮೇಲೆ ಇರುತ್ತದೆ ಎಂದು ನಾವು ಭಾವಿಸುತ್ತೇವೆ. ಇವನ ಪಾಲಿಗೆ ಅದು ಅದೇ ಊರಿನ ಎರಡು ಬೀದಿಗಳ ನಡುವೆ ಇತ್ತು.

ದೂರ ಇರುವಷ್ಟು ದಿನ ಎರಡು ಬದುಕನ್ನೂ ಸಾಗಿಸಬಹುದು. ಅವೆರಡನ್ನೂ ಒಂದೇ ಹಾಳೆಯ ಮೇಲೆ ತಂದು ನಿಲ್ಲಿಸುವುದು ಸರ್ಕಾರಿ ಅರ್ಜಿ. ಇದನ್ನು ನಾನು ಅವನ ಜೊತೆ ಕೂತು ಕಲಿತೆ.

ಕೆನಡಾದಲ್ಲಿ 2005ರಿಂದ ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ದೇಶದ ಎಲ್ಲೆಡೆ ಕಾನೂನುಬದ್ಧವಾಗಿ ಮದುವೆಯಾಗಬಹುದು. ಆದರೆ ವಲಸೆ ಇಲಾಖೆಯ ಕಣ್ಣಿಗೆ ಜೋಡಿ ಅನ್ನಿಸಿಕೊಳ್ಳಲು ಮದುವೆಯೇ ಆಗಬೇಕಿಲ್ಲ. ದಾಂಪತ್ಯದಂಥ ಸಂಬಂಧದಲ್ಲಿ ಒಂದು ವರ್ಷ ಸತತವಾಗಿ ಒಂದೇ ಮನೆಯಲ್ಲಿ ಬಾಳಿದ್ದರೆ ಸಾಕು, ಅವರು ‘ಕಾಮನ್ ಲಾ’ ಸಂಗಾತಿಗಳು. ಗೆಳೆಯ ಕಾಯಂ ವಾಸದ ಅರ್ಜಿ ಹಾಕುವಾಗ ಆ ಒಂದು ವರ್ಷ ಮುಗಿದಿತ್ತು. ಪರಿಚಯದವರೊಬ್ಬರು ‘ಸಿಂಗಲ್ ಅಂತ ಹಾಕು, ಯಾರು ಕೇಳ್ತಾರೆ’ ಅಂದರು. ಹಾಗೆ ಹಾಕಿದ್ದು ಸುಳ್ಳು ಎಂದು ಗೊತ್ತಾದರೆ ಅರ್ಜಿ ತಿರಸ್ಕಾರವಾಗಿ, ಐದು ವರ್ಷ ಆ ದೇಶಕ್ಕೆ ಕಾಲಿಡದ ಹಾಗೆ ನಿಷೇಧ ಬೀಳಬಹುದು. ಸಂಗಾತಿ ಬೇರೆ ದೇಶದವನಾಗಿದ್ದು ಅವನ ಹೆಸರು ಮುಚ್ಚಿಟ್ಟಿದ್ದರೆ ಮುಂದೆ ಅವನನ್ನು ಕರೆಸಿಕೊಳ್ಳುವುದೂ ಬಹಳ ಕಷ್ಟ. ಇವನು ಇಬ್ಬರ ಹೆಸರಿನ ಬಾಡಿಗೆ ಕರಾರು, ಜಂಟಿ ಬ್ಯಾಂಕ್ ಖಾತೆ, ಒಂದೇ ವಿಳಾಸಕ್ಕೆ ಬಂದ ಬಿಲ್ಲುಗಳನ್ನು ಜೋಡಿಸಿ ನಿಜವನ್ನೇ ಬರೆದ. ಆ ಕಾಗದಗಳು ಹಾಸನಕ್ಕೆ ಹೋಗುವಂಥವಲ್ಲ ಎಂಬ ಧೈರ್ಯವೂ ಇತ್ತು.

ಹಾಸನಕ್ಕೆ ಹೋಗುವ ಕಾಗದ ಆಮೇಲೆ ಬಂತು. ಅಪ್ಪ ಹೈಸ್ಕೂಲು ಮೇಷ್ಟರ ಕೆಲಸದಿಂದ ನಿವೃತ್ತರಾಗಿ, ‘ನಿನ್ನ ಮನೆ ನೋಡಬೇಕು ಕಣೋ’ ಅಂದರು. ಅಪ್ಪ ಅಮ್ಮಂದಿರಿಗಾಗಿ ಕೆನಡಾ ಕೊಡುವ ‘ಸೂಪರ್ ವೀಸಾ’ದಲ್ಲಿ, 2022ರ ನಿಯಮದ ಪ್ರಕಾರ, ಒಮ್ಮೆ ಹೋದರೆ ಐದು ವರ್ಷದವರೆಗೆ ಇರಬಹುದು. ಅದಕ್ಕೆ ಕನಿಷ್ಠ ಒಂದು ಲಕ್ಷ ಡಾಲರಿನ ಆರೋಗ್ಯ ವಿಮೆ, ವೈದ್ಯಕೀಯ ತಪಾಸಣೆ, ಮಗನ ಆದಾಯದ ದಾಖಲೆ ಬೇಕು. ಇವೆಲ್ಲ ದುಡ್ಡಿನಿಂದ ಆಗುವ ಕೆಲಸ. ತೊಡಕು ಇದ್ದದ್ದು ಆಹ್ವಾನ ಪತ್ರದಲ್ಲಿ. ಅದರಲ್ಲಿ ಮಗ ತನ್ನ ಮನೆಯಲ್ಲಿ ಇರುವವರು ಯಾರು ಯಾರು, ಒಟ್ಟು ಎಷ್ಟು ಜನ ಎಂದು ಬರೆಯಬೇಕು. ಸಂಗಾತಿಯನ್ನು ಸೇರಿಸಿಯೇ ಲೆಕ್ಕ. ಇವನು, ಸಂಗಾತಿ, ಅಪ್ಪ, ಅಮ್ಮ, ಒಟ್ಟು ನಾಲ್ಕು. ಅಷ್ಟು ಜನಕ್ಕೆ ಸಾಲುವ ಆದಾಯವನ್ನು ತೋರಿಸಬೇಕು. ಅಮ್ಮನ ಕಡೆಯ ಅರ್ಜಿಯ ಜೊತೆ ಕುಟುಂಬದ ವಿವರದ ಹಾಳೆಯೊಂದಿದೆ. ಅದರಲ್ಲಿ ಪ್ರತಿ ಮಗುವಿನ ಹೆಸರಿನ ಎದುರು ‘ವೈವಾಹಿಕ ಸ್ಥಿತಿ’ ಎಂಬ ಕಾಲಂ ಇರುತ್ತದೆ. ಮಗ ತನ್ನ ಅರ್ಜಿಯಲ್ಲಿ ಒಂದು ಹೇಳಿ, ತಾಯಿ ತನ್ನದರಲ್ಲಿ ಇನ್ನೊಂದು ಹೇಳಿದರೆ ಇಬ್ಬರಿಗೂ ಆಪತ್ತು. ಇಂಥ ಅರ್ಜಿಗಳನ್ನು ತುಂಬಿಕೊಡುವವರು ಬಸ್ ಸ್ಟ್ಯಾಂಡಿನ ಹತ್ತಿರದ ಟ್ರಾವೆಲ್ ಏಜೆಂಟರು. ಅವರು ಅಪ್ಪನ ಹಳೆಯ ವಿದ್ಯಾರ್ಥಿ.

ಇಷ್ಟು ಹೊತ್ತಿಗೆ ಅಕ್ಕನಿಗೆ ವಿಷಯ ಗೊತ್ತಿತ್ತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ತೀರ್ಪು ಕೊಟ್ಟ ರಾತ್ರಿಯೇ ಅವನು ಅವಳಿಗೆ ಹೇಳಿದ್ದ. ಅವಳು ಮೊದಲು ಅತ್ತಳು. ಆಮೇಲೆ ವಸುಧೇಂದ್ರರ ‘ಮೋಹನಸ್ವಾಮಿ’ ತರಿಸಿ ಓದಿದಳು. ತಮ್ಮನ ಬಗ್ಗೆ ಮಾತಾಡಲು ಬೇಕಾದ ಕನ್ನಡ ಅವಳಿಗೆ ಅಲ್ಲಿ ಸಿಕ್ಕಿತು ಎಂದು ನನ್ನ ನಂಬಿಕೆ. ಮನೆಯಲ್ಲಿ ಆಡದೇ ಉಳಿದ ವಿಷಯಕ್ಕೆ ಮೊದಲು ಒಂದು ಭಾಷೆ ಬೇಕು.

ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಅವನು 2023ರ ದಸರೆಗೆ ಊರಿಗೆ ಬಂದ. ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ. ಅಮ್ಮ, ‘ಡಾಕ್ಟರಿಗೆ ತೋರಿಸೋಣ’ ಅಂದರು. ಅದು ಕಾಯಿಲೆಯಲ್ಲ, ಭಾರತೀಯ ಮನೋವೈದ್ಯರ ಸಂಘವೇ ಹಾಗೆ ಹೇಳಿದೆ, ‘ಬದಲಾಯಿಸುವ’ ಚಿಕಿತ್ಸೆ ಕೊಡುವುದು ವೈದ್ಯರ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ ಎಂದು ಅವನು ನಿಧಾನವಾಗಿ ವಿವರಿಸಿದ. ಅಪ್ಪ ಮಾತಾಡಲಿಲ್ಲ. ಮರುದಿನ ಪೇಪರು ಮುಂದಿಟ್ಟರು. ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಒಪ್ಪಿರಲಿಲ್ಲ. ‘ಕೋರ್ಟೇ ಬೇಡ ಅಂದಿದೆ ನೋಡು.’

ಕೋರ್ಟು ಹೇಳಿದ್ದು ಅಷ್ಟೇ ಅಲ್ಲ. ಮದುವೆಯ ಕಾನೂನು ಮಾಡುವುದು ಸಂಸತ್ತಿಗೆ ಬಿಟ್ಟದ್ದು ಎಂದಿತು; ಕೂಡಿ ಬಾಳುವುದು ಅಪರಾಧವಲ್ಲ ಎಂಬುದು ಹಾಗೇ ಉಳಿಯಿತು. ಆದರೆ ಅಪ್ಪ ತೋರಿಸಿದ್ದರಲ್ಲಿ ಒಂದು ನಿಜವೂ ಇತ್ತು. ಇವರಿಬ್ಬರು ಟೊರೊಂಟೊದಲ್ಲಿ ಮದುವೆಯಾದರೂ ಭಾರತದ ಕಾನೂನಿನ ಲೆಕ್ಕದಲ್ಲಿ ಗೆಳೆಯ ಅವಿವಾಹಿತನೇ. ಬೆಂಗಳೂರಿನಲ್ಲಿ ಅವನ ದುಡಿಮೆಯ ಒಂದು ಫ್ಲ್ಯಾಟ್ ಇದೆ. ಅವನು ಉಯಿಲು ಬರೆಯದೆ ಹೋದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅದು ತಾಯಿಗೆ ಸೇರುತ್ತದೆ, ಸಂಗಾತಿಗೆ ಒಂದು ಇಟ್ಟಿಗೆಯೂ ಸಿಗುವುದಿಲ್ಲ. ಸ್ವಯಾರ್ಜಿತ ಆಸ್ತಿಯನ್ನು ಯಾರಿಗಾದರೂ ಉಯಿಲು ಬರೆಯಬಹುದು. ಹಾಗಾಗಿ ಅದೇ ರಜೆಯಲ್ಲಿ ವಕೀಲರ ಬಳಿ ಹೋಗಿ ಬರೆದಿಟ್ಟ.

ಚಿಕ್ಕಪ್ಪನಿಗೆ ಹೇಗೋ ಸುಳಿವು ಸಿಕ್ಕಿ, ಒಂದು ಮದುವೆ ಮಾಡಿಬಿಟ್ಟರೆ ಸರಿಹೋಗುತ್ತಾನೆ ಎಂದರಂತೆ. ಅಕ್ಕ ಅಲ್ಲೇ, ‘ಆ ಹುಡುಗಿ ನಮ್ಮನೆ ಮಗಳಾಗಿದ್ದರೆ?’ ಎಂದು ಕೇಳಿದಳು. ಅರಸೀಕೆರೆಯ ಜಾತಕ ಅಂದೇ ವಾಪಸು ಹೋಯಿತು. ಆ ಮನೆಯಲ್ಲಿ ಆಡಿದ ಮಾತುಗಳಲ್ಲೆಲ್ಲ ನನಗೆ ದೊಡ್ಡದಾಗಿ ಕಾಣುವುದು ಇದು. ಕಾಣದ ಊರಿನಲ್ಲಿ ಒಬ್ಬ ಹುಡುಗಿಯ ಬಾಳು ಹಾಳಾಗುವುದು ತಪ್ಪಿತು.

ಅರ್ಜಿಯನ್ನು ಏಜೆಂಟರಿಗೆ ಕೊಡಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಅಕ್ಕನೇ ತುಂಬಿದಳು. ಕಾಲಂ ಬಂದಾಗ ಅಮ್ಮ, ‘ಕಾಮನ್ ಲಾ ಅಂದ್ರೆ ಮದುವೆ ಆದ ಹಾಗಾ, ಆಗದ ಹಾಗಾ?’ ಎಂದರು.

‘ಜೊತೇಲಿದ್ದೀವಿ ಅಂತ, ಅಮ್ಮ.’

‘ಆ ಹುಡುಗ ರಾಗಿ ಮುದ್ದೆ ತಿಂತಾನಾ?’

‘ನುಂಗೋಕೆ ಇನ್ನೂ ಬರಲ್ಲ.’

ಅಮ್ಮ ಕನ್ನಡದಲ್ಲೇ ಸಹಿ ಹಾಕಿದರು. ಅಪ್ಪ ತಮ್ಮ ಹಾಳೆಯನ್ನು ಮಡಚಿ ಬೀರುವಿನಲ್ಲಿ ಇಟ್ಟರು. ಯಾರೂ ಒತ್ತಾಯ ಮಾಡಲಿಲ್ಲ. ಟೊರೊಂಟೊಗೆ ಮರಳಿದ ಮೇಲೆ ಗೆಳೆಯ ಆಹ್ವಾನ ಪತ್ರವನ್ನು ಮತ್ತೆ ತೆಗೆದು, ಒಟ್ಟು ಜನ ಎಂಬಲ್ಲಿ ನಾಲ್ಕಿದ್ದದ್ದನ್ನು ಮೂರು ಮಾಡಿ, ಹೊಸದಾಗಿ ಸಹಿ ಮಾಡಿ ಕಳಿಸಿದ. ಹಳೆಯ ಪತ್ರವನ್ನು ಕಂಪ್ಯೂಟರಿನಿಂದ ಅಳಿಸಿಲ್ಲ.